ರಾಗಿ ಮಾಲ್ಟ್ ಪ್ರಚಾರಕ್ಕೆ ಇನ್‌ಫ್ಲುಯೆನ್ಸರ್‌ಗೆ ಬರೆಯುವ ಪತ್ರ: ಅನುಭವ ಇದ್ದವರು ತಿಳಿಸಿ

ಕೇಳಿದವರು: ಚನ್ನರಾಯಪಟ್ಟಣದ ಮಾಲ್ಟ್ ತಯಾರಕಿ

ನಾವು ಮೊಳಕೆ ರಾಗಿ ಮಾಲ್ಟ್ ತಯಾರಿಸಿ ಮಾರುತ್ತೇವೆ. ನೂರು ಗ್ರಾಂನಲ್ಲಿ 60 ಗ್ರಾಂ ಮೊಳಕೆ ರಾಗಿ, ಉಳಿದದ್ದು ಬೆಲ್ಲದ ಪುಡಿ, ಬಾದಾಮಿ, ಏಲಕ್ಕಿ. ಆಹಾರ ನೋಂದಣಿ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ ಅಡುಗೆ ವಿಡಿಯೊ ಮಾಡುವ ಒಬ್ಬ ತಾಯಿ ಒಂದು ರೀಲ್ ಮತ್ತು ಎರಡು ಸ್ಟೋರಿಗೆ 18,000 ರೂಪಾಯಿ ಕೇಳಿದ್ದಾರೆ. ಜೊತೆಗೆ ಆರು ಪ್ಯಾಕೆಟ್ ಕೊಡುತ್ತಿದ್ದೇವೆ. "ನಿಮಗೆ ಏನು ಬೇಕೆಂದು ಒಂದು ಪತ್ರ ಬರೆದು ಕಳಿಸಿ" ಎಂದಿದ್ದಾರೆ. ನಾನು ಬರೆದದ್ದು ಇಷ್ಟು:

"ನಮಸ್ಕಾರ ಮೇಡಂ. ನಮ್ಮ ಮಾಲ್ಟ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ. ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ ಇದೆ, ಸಕ್ಕರೆ ಇಲ್ಲ, ಶುಗರ್ ಇರುವವರಿಗೂ ಒಳ್ಳೆಯದು ಎಂದು ತಿಳಿಸಿ. ನಿಮ್ಮ ಎಂಟು ತಿಂಗಳ ಪಾಪುವಿಗೆ ತಿನ್ನಿಸುವುದನ್ನು ತೋರಿಸಿದರೆ ತುಂಬಾ ಚೆನ್ನಾಗಿರುತ್ತದೆ. ಜಾಹೀರಾತಿನಂತೆ ಕಾಣದ ಹಾಗೆ ಸಹಜವಾಗಿರಲಿ."

ಇದಕ್ಕೆ ಇನ್ನೇನು ಸೇರಿಸಬೇಕು?

ಮೈಸೂರಿನ ಸೀರೆ ವ್ಯಾಪಾರಿ

ಅಮ್ಮಾ, ಮೊದಲು ಲೆಕ್ಕ ಬರೆಯಿರಿ, ಆಮೇಲೆ ಉಳಿದ ಮಾತು. ನಾವು ದಸರೆಗೆ ಮುಂಚೆ ಒಬ್ಬರಿಗೆ ಎರಡು ರೇಷ್ಮೆ ಸೀರೆ ಕಳಿಸಿದೆವು. "ಪ್ರಚಾರ ಮಾಡಿ ಕೊಡುತ್ತೇನೆ" ಎಂದು ಫೋನಿನಲ್ಲಿ ಹೇಳಿದ್ದರು, ಪತ್ರ ಇರಲಿಲ್ಲ. ಅವರು ಹಾಕಿದ್ದು ಒಂದೇ ಒಂದು ಸ್ಟೋರಿ, ಅದೂ ಹಬ್ಬ ಮುಗಿದ ಮೇಲೆ. ಮರುದಿನ ಅದು ಅಳಿಸಿಹೋಯಿತು. ಕೇಳಿದರೆ "ಪ್ರಚಾರ ಮಾಡಿದ್ದೇನಲ್ಲ" ಎಂದರು. ಅವರ ಮಾತನ್ನು ತಪ್ಪೆನ್ನಲು ನಮ್ಮ ಕೈಯಲ್ಲಿ ಕಾಗದವೇ ಇರಲಿಲ್ಲ.

ಆದ್ದರಿಂದ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡಿನ ವಿಡಿಯೊ, ಎಷ್ಟು ತಿಂಗಳು ಅಳಿಸದೆ ಇಡಬೇಕು ಎನ್ನುವುದೆಲ್ಲ ಪತ್ರದಲ್ಲಿರಲಿ. ಇನ್ನೊಂದು, ಅವರು ಆಡಬೇಕಾದ ಮಾತನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಬರೆದು ಕೊಡಿ. ಅವರ ಇಷ್ಟಕ್ಕೆ ಬಿಟ್ಟರೆ ಸೀರೆಯ ಬಗ್ಗೆ ಎರಡು ಮಾತು, ಅವರ ಕೇಶವಿನ್ಯಾಸದ ಬಗ್ಗೆ ಹತ್ತು ಮಾತು ಬರುತ್ತದೆ.

ಡಿಜಿಟಲ್ ಮಾರ್ಕೆಟಿಂಗ್ ಕಲಿತ ಪದವೀಧರ, ದಾವಣಗೆರೆ

ನಿಮ್ಮ ಪತ್ರ ಬಹುಮಟ್ಟಿಗೆ ಸರಿಯಾಗಿದೆ. ಹಣ ಕೊಟ್ಟು ಮಾಡಿಸಿದ ಪ್ರಚಾರ ಎಂದು ತಿಳಿಸುವುದು ಕಡ್ಡಾಯ, ಆದರೆ ಅದು ಇನ್‌ಫ್ಲುಯೆನ್ಸರ್ ಹೊಣೆ, ನಿಮ್ಮದಲ್ಲ. ಅಡಿಬರಹದ ಕೊನೆಯಲ್ಲಿ ಹ್ಯಾಷ್‌ಟ್ಯಾಗ್‌ಗಳ ಜೊತೆ #ad ಎಂದು ಹಾಕಿದರೆ ಸಾಕು. ಬರಿಯ ಪ್ಯಾಕೆಟ್ ಉಚಿತವಾಗಿ ಕೊಟ್ಟು ಮಾಡಿಸಿದರೆ ಅದೂ ಬೇಡ, ಏಕೆಂದರೆ ಹಣದ ವ್ಯವಹಾರವೇ ಇಲ್ಲ. ಅಷ್ಟಕ್ಕೂ ಇನ್‌ಸ್ಟಾಗ್ರಾಮ್ ತಾನೇ ಮೇಲೆ "ಪೇಯ್ಡ್ ಪಾರ್ಟ್‌ನರ್‌ಶಿಪ್" ಎಂದು ತೋರಿಸುತ್ತದೆ.

ಬೆಂಗಳೂರಿನ ಜಾಹೀರಾತು ಏಜೆನ್ಸಿಯಲ್ಲಿ ಇನ್‌ಫ್ಲುಯೆನ್ಸರ್ ಪ್ರಚಾರ ನೋಡಿಕೊಳ್ಳುವವರು

ತಿಳಿಸುವುದು ಕಡ್ಡಾಯ ಎಂಬ ಮೇಲಿನ ಮಾತು ಸರಿ. ಉಳಿದದ್ದನ್ನು ನಂಬಿ ಪತ್ರ ಬರೆಯಬೇಡಿ. ಇಂಥ ಪತ್ರ ಬರೆಯುವುದು ನನ್ನ ನಿತ್ಯದ ಕೆಲಸ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮಲ್ಲಿ ಇದಕ್ಕೆ ಎರಡು ಕಡೆಯ ನಿಯಮಗಳಿವೆ. ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ 2021ರಲ್ಲಿ ಇನ್‌ಫ್ಲುಯೆನ್ಸರ್ ಜಾಹೀರಾತುಗಳಿಗೆ ಮಾರ್ಗಸೂಚಿ ತಂದಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ತನ್ನದೇ ಸೂಚನೆ ಹೊರಡಿಸಿತು. ಎರಡರ ಪ್ರಕಾರವೂ ಹಣ ಮಾತ್ರವಲ್ಲ, ಉಚಿತ ವಸ್ತು, ರಿಯಾಯಿತಿ, ಪ್ರವಾಸ, ಕುಟುಂಬದ ನಂಟು, ಉದ್ಯೋಗದ ನಂಟು ಯಾವುದಿದ್ದರೂ ಹೇಳಲೇಬೇಕು. ನಿಮ್ಮ ಆರು ಪ್ಯಾಕೆಟ್ ಒಂದೇ ಇದ್ದರೂ ಹೇಳಬೇಕಿತ್ತು. ಹೊಣೆ ಇಬ್ಬರದು. ಪೋಸ್ಟ್‌ನಲ್ಲಿ ಇದು ಜಾಹೀರಾತು ಎಂಬ ಗುರುತು ಇಲ್ಲದಿದ್ದರೆ "ಅವರು ಹಾಕಲಿಲ್ಲ" ಎಂದು ತಯಾರಕರು ಕೈತೊಳೆದುಕೊಳ್ಳಲು ಆಗುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತು ಎಂದು ಸಾಬೀತಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಅಡಿಯಲ್ಲಿ ತಯಾರಕರಿಗೂ ಪ್ರಚಾರ ಮಾಡಿದವರಿಗೂ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಹೀಗಾಗಿ ನಿಮ್ಮ ಕರಡಿನಲ್ಲಿ ಮೊದಲು ಹೊಡೆದುಹಾಕಬೇಕಾದದ್ದು "ಜಾಹೀರಾತಿನಂತೆ ಕಾಣದ ಹಾಗೆ" ಎಂಬ ಸಾಲು. ನಿಮ್ಮ ಮನಸ್ಸಿನಲ್ಲಿ ಇರುವುದು "ಕೃತಕವಾಗಿ ಇರಬಾರದು" ಎಂಬಷ್ಟೇ ಎಂದು ನನಗೆ ಅರ್ಥವಾಗುತ್ತದೆ. ಆದರೆ ದೂರು ಬಂದ ದಿನ ಆ ಸಾಲನ್ನು ಓದುವವರಿಗೆ ಕಾಣುವುದು ಬೇರೆ: ಮುಚ್ಚಿಡಿ ಎಂದು ತಯಾರಕರೇ ಲಿಖಿತವಾಗಿ ಹೇಳಿದ್ದಾರೆ.

ಗುರುತು ಎಲ್ಲಿರಬೇಕು ಎನ್ನುವುದಕ್ಕೂ ಅಳತೆ ಇದೆ. ಅಡಿಬರಹದಲ್ಲಾದರೆ ಮೊದಲ ಎರಡು ಸಾಲಿನೊಳಗೆ, ಅಂದರೆ "ಇನ್ನಷ್ಟು" ಎಂದು ಒತ್ತದೆಯೇ ಕಾಣಬೇಕು. ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಬೆರೆಸಬಾರದು. ವಿಡಿಯೊದ ಮೇಲೆ ಗುರುತು ಎಷ್ಟು ಹೊತ್ತು ಇರಬೇಕೆಂದು ಎಎಸ್‌ಸಿಐ ಹೇಳಿದೆ: 15 ಸೆಕೆಂಡಿಗಿಂತ ಚಿಕ್ಕದಾದರೆ ಕನಿಷ್ಠ 3 ಸೆಕೆಂಡು, 15 ಸೆಕೆಂಡಿನಿಂದ 2 ನಿಮಿಷದವರೆಗೆ ವಿಡಿಯೊದ ಮೂರನೇ ಒಂದು ಭಾಗ, ಅದಕ್ಕಿಂತ ಉದ್ದವಾದರೆ ವಸ್ತುವಿನ ಮಾತು ಬರುವ ಇಡೀ ಭಾಗ. ನಿಮ್ಮ ರೀಲ್ 45 ಸೆಕೆಂಡು ಎಂದಿಟ್ಟುಕೊಂಡರೆ 15 ಸೆಕೆಂಡು. ನಾನು ಪತ್ರದಲ್ಲಿ "ಮೊದಲಿನಿಂದ ಕೊನೆಯವರೆಗೆ ಇರಲಿ" ಎಂದೇ ಬರೆಯುತ್ತೇನೆ. ಸೆಕೆಂಡು ಎಣಿಸುವ ಗೋಜು ಇರುವುದಿಲ್ಲ. ವಿಡಿಯೊದಲ್ಲಿ ಬರಹದ ಜೊತೆ ಬಾಯಿಮಾತಿನಲ್ಲೂ ಹೇಳಬೇಕೆಂದು 2023ರ ಸೂಚನೆ ತಿಳಿಸುತ್ತದೆ. ಪ್ರಚಾರದ ಭಾಷೆಯಲ್ಲೇ ಗುರುತೂ ಇರಬೇಕು. ಮೇಡಂ ಕನ್ನಡದಲ್ಲಿ ಮಾತನಾಡುವುದಾದರೆ "ಜಾಹೀರಾತು" ಎಂದು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಹಾಕಿಸಿ. ಇನ್‌ಸ್ಟಾಗ್ರಾಮ್‌ನ "ಪೇಯ್ಡ್ ಪಾರ್ಟ್‌ನರ್‌ಶಿಪ್" ಗುರುತನ್ನು ಖಂಡಿತ ಬಳಸಿ, ಆದರೆ ಅದು ಹೆಚ್ಚುವರಿ. ಅವರ ಸ್ವಂತ ಗುರುತಿನ ಜಾಗವನ್ನು ಅದು ತುಂಬುವುದಿಲ್ಲ.

ಸೀರೆ ವ್ಯಾಪಾರಿಗಳ ಎರಡನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ವಿವರವನ್ನು ನೀವು ಕೊಡಿ, ವಾಕ್ಯ ಅವರದೇ ಆಗಿರಲಿ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ತಂದ 2022ರ ಮಾರ್ಗಸೂಚಿಯ ಪ್ರಕಾರ ಪ್ರಚಾರ ಮಾಡುವವರ ಮಾತು ಅವರ ನಿಜವಾದ ಅಭಿಪ್ರಾಯವಾಗಿರಬೇಕು, ವಸ್ತುವಿನ ಬಗ್ಗೆ ಸಾಕಷ್ಟು ಮಾಹಿತಿ ಅಥವಾ ಅನುಭವ ಇರಬೇಕು. ನೀವು ಬರೆದುಕೊಟ್ಟ "ನಾನು ದಿನವೂ ಕುಡಿಯುತ್ತೇನೆ" ಎಂಬ ಸಾಲನ್ನು ಇನ್ನೂ ಪ್ಯಾಕೆಟ್ ಒಡೆಯದವರು ಓದಿದರೆ ಅದು ಸುಳ್ಳು. ಪ್ಯಾಕೆಟ್ ಮೊದಲು ಕಳಿಸಿ, ಒಂದು ವಾರ ಮನೆಯಲ್ಲಿ ಬಳಸಲಿ, ಆಮೇಲೆ ಚಿತ್ರೀಕರಣ.

ಆಹಾರ ತಂತ್ರಜ್ಞೆ, ಮಂಡ್ಯ

ಮೇಲಿನವರು ಗುರುತಿನ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ಆದರೆ ಈ ಕರಡಿನಲ್ಲಿ ಅದಕ್ಕಿಂತ ಗಂಭೀರವಾದದ್ದು ಒಂದಿದೆ: ಎಂಟು ತಿಂಗಳ ಪಾಪು.

ದಯವಿಟ್ಟು ಆ ದೃಶ್ಯವನ್ನು ಪೂರ್ತಿ ಕೈಬಿಡಿ. ಶಿಶು ಹಾಲಿನ ಬದಲಿಗಳು, ಹಾಲೂಡುವ ಬಾಟಲಿಗಳು ಮತ್ತು ಶಿಶು ಆಹಾರಗಳ ಬಗ್ಗೆ 1992ರ ಒಂದು ಕಾಯ್ದೆ ಇದೆ. 2003ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಮಗುವಿಗೆ ತಾಯಿಹಾಲಿನ ಜೊತೆ ಕೊಡುವ ಆಹಾರ ಎಂದು ಯಾವುದನ್ನು ಬಿಂಬಿಸಿ ಮಾರಿದರೂ ಅದು ಶಿಶು ಆಹಾರವಾಗುತ್ತದೆ, ಶಿಶು ಆಹಾರದ ಜಾಹೀರಾತಿಗೆ ಅವಕಾಶವೇ ಇಲ್ಲ. ಉಲ್ಲಂಘನೆಗೆ ಜೈಲು ಶಿಕ್ಷೆಯ ಅವಕಾಶವೂ ಇದೆ. "ಜಾಹೀರಾತು" ಎಂದು ದೊಡ್ಡ ಅಕ್ಷರದಲ್ಲಿ ಹಾಕಿದರೂ ಇಲ್ಲಿ ಉಪಯೋಗವಿಲ್ಲ.

ನಮ್ಮ ಕಡೆ ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಮಣ್ಣಿ ತಿನ್ನಿಸುವುದು ಎಷ್ಟು ಸಹಜ ಎಂದರೆ, ಇದರಲ್ಲಿ ತಪ್ಪೇನಿದೆ ಎಂದು ಎಲ್ಲರಿಗೂ ಅನಿಸುತ್ತದೆ. ಮನೆಯಲ್ಲಿ ತಿನ್ನಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಪ್ಯಾಕೆಟ್ ಮಾಡಿ "ಪಾಪುವಿಗೆ ಕೊಡಿ" ಎಂದು ಪ್ರಚಾರ ಮಾಡಿದಾಗ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ನಿಮ್ಮ ಪ್ಯಾಕೆಟ್ ಮೇಲೆ ಮಗುವಿನ ಚಿತ್ರವೇನಾದರೂ ಇದೆಯೇ? ಇದ್ದರೆ ರೀಲ್‌ಗಿಂತ ಮೊದಲು ಅದನ್ನು ಸರಿಪಡಿಸಬೇಕು.

ಉಳಿದ ಮೂರು ಮಾತುಗಳು.

"ಸಕ್ಕರೆ ಇಲ್ಲ" ಎನ್ನುವಂತಿಲ್ಲ. ಬೆಲ್ಲವೂ ಸೇರಿಸಿದ ಸಕ್ಕರೆಯೇ. "ಬೆಲ್ಲ ಹಾಕಿ ಮಾಡಿದ್ದು" ಎನ್ನಿ, ಅದು ನಿಜ, ಕೇಳುವುದಕ್ಕೂ ಚೆನ್ನಾಗಿದೆ.

"ಶುಗರ್ ಇರುವವರಿಗೂ ಒಳ್ಳೆಯದು" ಬೇಡವೇ ಬೇಡ. ಆಹಾರ ಪದಾರ್ಥವೊಂದು ಕಾಯಿಲೆಯನ್ನು ತಡೆಯುತ್ತದೆ, ವಾಸಿ ಮಾಡುತ್ತದೆ ಎಂದು ಬಿಂಬಿಸುವುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳಲ್ಲಿ ನಿಷೇಧವಿದೆ. ಅದಿರಲಿ, ಬೆಲ್ಲ ಬೆರೆತ ಹಿಟ್ಟನ್ನು ನುಣ್ಣಗೆ ಬೇಯಿಸಿ ಕುಡಿದರೆ ರಕ್ತದ ಸಕ್ಕರೆ ಏರುತ್ತದೆ. ಈ ಮಾತು ನಂಬಿ ದಿನಕ್ಕೆರಡು ಲೋಟ ಕುಡಿಯುವ ಯಾರದೋ ಮನೆಯ ಅಜ್ಜಿಯನ್ನು ನೆನೆಯಿರಿ.

ಕ್ಯಾಲ್ಸಿಯಂ ಲೆಕ್ಕ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2017ರ ಕೋಷ್ಟಕದಲ್ಲಿ ನೂರು ಗ್ರಾಂ ರಾಗಿಗೆ ಸುಮಾರು 364 ಮಿಲಿಗ್ರಾಂ, ಹಸುವಿನ ಹಾಲಿಗೆ ಸುಮಾರು 118 ಮಿಲಿಗ್ರಾಂ. "ಮೂರು ಪಟ್ಟು" ಹುಟ್ಟಿದ್ದು ಇಲ್ಲಿಂದ. ಆದರೆ ಯಾರೂ ನೂರು ಗ್ರಾಂ ಮಾಲ್ಟ್ ಪುಡಿಯನ್ನು ಒಂದೇ ಸಲಕ್ಕೆ ತಿನ್ನುವುದಿಲ್ಲ. ಒಂದು ಲೋಟಕ್ಕೆ 25 ಗ್ರಾಂ ಪುಡಿ ಹಾಕಿದರೆ ಅದರಲ್ಲಿ ರಾಗಿ 15 ಗ್ರಾಂ, ಅದರಿಂದ ಬರುವ ಕ್ಯಾಲ್ಸಿಯಂ ಸುಮಾರು 55 ಮಿಲಿಗ್ರಾಂ. ಬಾದಾಮಿಯಿಂದ ಸ್ವಲ್ಪ ಸೇರಬಹುದು. ಇನ್ನೂರು ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ 230 ಮಿಲಿಗ್ರಾಂ ದಾಟುತ್ತದೆ. ನೀರಿನಲ್ಲಿ ಕುದಿಸಿದ ಮಾಲ್ಟ್ ಹಾಲಿನ ಕಾಲು ಭಾಗದ ಹತ್ತಿರವೇ ನಿಲ್ಲುತ್ತದೆ. ನಿಮ್ಮ ರೀಲ್ ನೋಡಿ ಒಬ್ಬ ತಾಯಿ ಹಾಲು ಬಿಟ್ಟು ಇದನ್ನೇ ಕೊಟ್ಟರೆ ಮಗುವಿಗೆ ನಷ್ಟ. ಕ್ಯಾಲ್ಸಿಯಂ ಮಾತು ಬೇಕೇ ಬೇಕು ಎಂದರೆ, ಕಚ್ಚಾ ರಾಗಿಯ ಅಂಕಿ ಬಿಟ್ಟು, ನೀವು ಮಾರುವ ಪುಡಿಯನ್ನೇ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ.

ಹುಬ್ಬಳ್ಳಿಯ ಓದುಗ

ನನಗೂ ಇಂಥದೇ ಪತ್ರ ಬೇಕಿತ್ತು. ನಾನು ಹೊಸದಾಗಿ ಪ್ರವಾಸದ ವಿಡಿಯೊ ಮಾಡುತ್ತಿದ್ದೇನೆ. ಹೋಟೆಲಿನವರಿಗೆ ಪತ್ರ ಬರೆದು ಪ್ರಾಯೋಜಕತ್ವ ಕೇಳುವಾಗ ಫಾಲೋವರ್‌ಗಳ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಹಾಕಬೇಕೆ?

ಬೆಂಗಳೂರಿನ ಏಜೆನ್ಸಿಯವರು

ನೀವು ಕೇಳುತ್ತಿರುವುದು ತಿರುಗುಮುರುಗಿನ ಪತ್ರ, ಇನ್‌ಫ್ಲುಯೆನ್ಸರ್ ಕಂಪನಿಗೆ ಬರೆಯುವಂಥದ್ದು. ಸಂಖ್ಯೆಗಿಂತ ಅವರಲ್ಲಿ ಎಷ್ಟು ಮಂದಿ ಆ ಹೋಟೆಲಿರುವ ಊರಿಗೆ ಬರುವಂಥವರು ಎಂದು ತಿಳಿಸಿ. ಬೇರೆಯಾಗಿ ಕೇಳಿದರೆ ವಿವರವಾಗಿ ಬರೆಯುತ್ತೇನೆ.

ಚನ್ನರಾಯಪಟ್ಟಣದ ಮಾಲ್ಟ್ ತಯಾರಕಿ

ಶಿಶು ಆಹಾರದ ಕಾನೂನು ನನಗೆ ಗೊತ್ತೇ ಇರಲಿಲ್ಲ. ಪ್ಯಾಕೆಟ್ ಮೇಲೆ ಮಗುವಿನ ಚಿತ್ರ ಇಲ್ಲ, ರಾಗಿ ತೆನೆಯ ಚಿತ್ರ ಇದೆ. ಪಾಪುವಿನ ದೃಶ್ಯ, ಸಕ್ಕರೆ, ಕ್ಯಾಲ್ಸಿಯಂ ಎಲ್ಲವನ್ನೂ ತೆಗೆದರೆ ಹೇಳಲು ಏನು ಉಳಿಯಿತು ಮೇಡಂ?

ಆಹಾರ ತಂತ್ರಜ್ಞೆ, ಮಂಡ್ಯ

ನೀವು ಹೇಗೆ ಮಾಡುತ್ತೀರಿ ಎನ್ನುವುದು ಪೂರ್ತಿ ಉಳಿದಿದೆಯಲ್ಲ. ರಾಗಿ ನೆನೆಸುವುದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು, ಒಣಗಿಸುವುದು, ಹುರಿಯುವುದು. ಹುರಿಯುವಾಗ ಏಳುವ ಘಮ ನಮ್ಮವರಿಗೆಲ್ಲ ಗೊತ್ತು. ಮನೆಯಲ್ಲಿ ಮಾಡಲು ಮೂರು ದಿನ ಹಿಡಿಯುವ ಕೆಲಸವನ್ನು ನೀವು ಮಾಡಿಕೊಡುತ್ತಿದ್ದೀರಿ. ಕೊಳ್ಳುವವರಿಗೆ ಅದೇ ದೊಡ್ಡ ಕಾರಣ.

ಚನ್ನರಾಯಪಟ್ಟಣದ ಮಾಲ್ಟ್ ತಯಾರಕಿ

ಇನ್ನೊಂದು ತೊಂದರೆ ನೆನಪಾಯಿತು. ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು "ಗಂಟು ಕಟ್ಟುತ್ತದೆ" ಎಂಬುದೇ. ಬಿಸಿ ನೀರಿಗೆ ನೇರವಾಗಿ ಪುಡಿ ಸುರಿದರೆ ಗಂಟಾಗುತ್ತದೆ. ಮೊದಲು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿಯುವ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಐದು ನಿಮಿಷ ಕೈಯಾಡಿಸುತ್ತ ಬೇಯಿಸಬೇಕು. ಇದನ್ನು ಪತ್ರದಲ್ಲಿ ಬರೆಯಬಹುದೇ, ಅಥವಾ ಅಡುಗೆ ಗೊತ್ತಿರುವವರಿಗೆ ಹೇಳಿಕೊಟ್ಟಂತೆ ಆಗುತ್ತದೆಯೇ?

ಬೆಂಗಳೂರಿನ ಏಜೆನ್ಸಿಯವರು

ಬರೆಯಲೇಬೇಕು. ಇಡೀ ಪತ್ರದಲ್ಲಿ ನಿಮ್ಮ ವ್ಯಾಪಾರಕ್ಕೆ ಅತಿ ಹೆಚ್ಚು ಪ್ರಯೋಜನವಾಗುವ ಸಾಲು ಅದೇ. ರೀಲ್‌ನಲ್ಲಿ ಅವರು ಫ್ಲಾಸ್ಕಿನ ಬಿಸಿ ನೀರು ಸುರಿದು ಚಮಚದಲ್ಲಿ ತಿರುಗಿಸಿದರೆ, ನೋಡಿದವರೆಲ್ಲ ಹಾಗೆಯೇ ಮಾಡುತ್ತಾರೆ. ನಿಮಗೆ ಬರುವುದು ಗಂಟಿನ ದೂರು. ಇನ್‌ಫ್ಲುಯೆನ್ಸರ್‌ಗಳಿಗೆ ಇಂಥ ವಿವರ ಕೊಟ್ಟರೆ ಬೇಸರವಾಗುವುದಿಲ್ಲ, ಅವರಿಗೆ ತೋರಿಸಲು ಒಂದು ಕೆಲಸ ಸಿಗುತ್ತದೆ.

ಎಲ್ಲವನ್ನೂ ಸೇರಿಸಿ ಪತ್ರವನ್ನು ಹೀಗೆ ಬರೆಯುತ್ತಿದ್ದೆ. ತಾರೀಖುಗಳನ್ನು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ.

"ನಮಸ್ಕಾರ ಮೇಡಂ,

ನಮ್ಮ ಮೊಳಕೆ ರಾಗಿ ಮಾಲ್ಟ್ ಬಗ್ಗೆ ರೀಲ್ ಮಾಡಲು ಒಪ್ಪಿದ್ದಕ್ಕೆ ಧನ್ಯವಾದಗಳು. ಆರು ಪ್ಯಾಕೆಟ್‌ಗಳನ್ನು 3ನೇ ತಾರೀಖಿಗೆ ಕಳಿಸುತ್ತೇವೆ. ಒಂದು ವಾರ ಮನೆಯಲ್ಲಿ ಬಳಸಿ ನೋಡಿ, ಆಮೇಲೆ ಚಿತ್ರೀಕರಣ ಮಾಡಿ. ನಿಮಗೆ ಹಿಡಿಸದಿದ್ದರೆ 10ನೇ ತಾರೀಖಿನೊಳಗೆ ತಿಳಿಸಿ, ಒಪ್ಪಂದವನ್ನು ಕೈಬಿಡೋಣ. ಪ್ಯಾಕೆಟ್ ಹಿಂದಿರುಗಿಸುವುದು ಬೇಡ.

ನಮಗೆ ಬೇಕಾದದ್ದು 40ರಿಂದ 50 ಸೆಕೆಂಡಿನ ಒಂದು ರೀಲ್ ಮತ್ತು ಅದೇ ದಿನ ಎರಡು ಸ್ಟೋರಿ, ಅವುಗಳಲ್ಲಿ ಒಂದರಲ್ಲಿ ನಮ್ಮ ಅಂಗಡಿಯ ಕೊಂಡಿ. ಕರಡು ವಿಡಿಯೊವನ್ನು 14ನೇ ತಾರೀಖಿಗೆ ಕಳಿಸಿ. ಎರಡು ದಿನದೊಳಗೆ ಒಂದೇ ಬಾರಿ, ಒಟ್ಟಿಗೆ ತಿದ್ದುಪಡಿ ಹೇಳುತ್ತೇವೆ. ವಿವರದಲ್ಲಿ ತಪ್ಪಿದ್ದರೆ ಮಾತ್ರ ತಿದ್ದಲು ಕೇಳುತ್ತೇವೆ, ನಿಮ್ಮ ಶೈಲಿಯನ್ನಲ್ಲ. ರೀಲ್ 18ರ ಸಂಜೆ ಪ್ರಕಟವಾಗಲಿ, ಕನಿಷ್ಠ ಆರು ತಿಂಗಳು ಅಳಿಸದೆ ಇರಲಿ. ಪ್ರಕಟವಾದ ಏಳು ದಿನಗಳ ನಂತರ ಎಷ್ಟು ಜನ ನೋಡಿದರು, ಉಳಿಸಿಕೊಂಡರು, ಕೊಂಡಿ ಒತ್ತಿದರು ಎಂಬುದರ ಸ್ಕ್ರೀನ್‌ಶಾಟ್ ಕಳಿಸಿ.

ವೀಕ್ಷಕರಿಗೆ ಮೂರು ವಿಷಯ ತಲುಪಬೇಕು. ಒಂದು, ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು ಇದು. ಎರಡು, ಇದರಲ್ಲಿ ಇರುವುದು ರಾಗಿ, ಬೆಲ್ಲ, ಬಾದಾಮಿ, ಏಲಕ್ಕಿ. ಬಾದಾಮಿ ಒಗ್ಗದವರು ಇರುತ್ತಾರೆ, ಆದ್ದರಿಂದ ಅದನ್ನು ಬಿಡದೆ ಹೇಳಿ. ಮೂರು, ಮಾಡುವ ವಿಧಾನ. ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಿಸುವುದನ್ನು ತೋರಿಸಿ. ಈ ಮೂರನ್ನು ನಿಮ್ಮ ಮಾತಿನಲ್ಲೇ ಹೇಳಿ. ರುಚಿಯ ಬಗ್ಗೆ ನಿಮಗೆ ಅನಿಸಿದ್ದನ್ನು ಹೇಳಿ.

ಇದು ಹಣ ಪಡೆದು ಮಾಡಿದ ಜಾಹೀರಾತು ಎಂಬುದು ಮೊದಲ ನೋಟಕ್ಕೇ ತಿಳಿಯಬೇಕು. ರೀಲ್ ಮತ್ತು ಸ್ಟೋರಿಗಳ ಮೇಲೆ 'ಜಾಹೀರಾತು' ಎಂಬ ಬರಹ ಮೊದಲಿನಿಂದ ಕೊನೆಯವರೆಗೆ ಇರಲಿ, ಹಿನ್ನೆಲೆಯ ಬಣ್ಣದಲ್ಲಿ ಕರಗಿಹೋಗದಿರಲಿ. ವಿಡಿಯೊದ ಆರಂಭದಲ್ಲಿ ಬಾಯಿಮಾತಿನಲ್ಲೂ ತಿಳಿಸಿ. ಅಡಿಬರಹದ ಮೊದಲ ಸಾಲು 'ಜಾಹೀರಾತು' ಎಂದೇ ಶುರುವಾಗಲಿ. ಇನ್‌ಸ್ಟಾಗ್ರಾಮ್‌ನ ಪೇಯ್ಡ್ ಪಾರ್ಟ್‌ನರ್‌ಶಿಪ್ ಗುರುತಿನಲ್ಲಿ ನಮ್ಮ ಖಾತೆಯನ್ನು ಸೇರಿಸಿ.

ಇವು ಬೇಡ: ಎರಡು ವರ್ಷದೊಳಗಿನ ಮಗುವನ್ನು ತೋರಿಸುವುದು ಅಥವಾ ಪಾಪುವಿಗೆ ಕೊಡಬಹುದು ಎಂಬ ಮಾತು. ಮಧುಮೇಹ, ರಕ್ತಹೀನತೆ, ಮೂಳೆ ಸವೆತ ಹೀಗೆ ಯಾವುದೇ ಕಾಯಿಲೆಯ ಹೆಸರು. ಸಕ್ಕರೆ ಇಲ್ಲ, ತೂಕ ಇಳಿಯುತ್ತದೆ, ಮಕ್ಕಳು ಎತ್ತರ ಬೆಳೆಯುತ್ತಾರೆ, ಬುದ್ಧಿ ಚುರುಕಾಗುತ್ತದೆ ಎಂಬ ಮಾತುಗಳು. ಬೇರೆ ಕಂಪನಿಯ ಡಬ್ಬ ತೋರಿಸುವುದು ಅಥವಾ ಹೋಲಿಸುವುದು. ಸಿನಿಮಾ ಹಾಡು. ಪ್ರತಿಕ್ರಿಯೆಯಲ್ಲಿ ಯಾರಾದರೂ ಪಾಪುವಿನ ಬಗ್ಗೆ ಅಥವಾ ಕಾಯಿಲೆಯ ಬಗ್ಗೆ ಕೇಳಿದರೆ 'ವೈದ್ಯರನ್ನು ಕೇಳಿ' ಎಂದಷ್ಟೇ ಉತ್ತರಿಸಿ.

ಒಟ್ಟು ಸಂಭಾವನೆ 18,000 ರೂಪಾಯಿ. ಅರ್ಧ ಮುಂಗಡ, ಉಳಿದರ್ಧ ರೀಲ್ ಪ್ರಕಟವಾದ ಏಳು ದಿನದೊಳಗೆ. ಈ ರೀಲ್ ಅನ್ನು ಮೂರು ತಿಂಗಳು ನಮ್ಮ ಖಾತೆಯಲ್ಲಿ ಹಂಚಿಕೊಳ್ಳಲು ಮತ್ತು ಬೂಸ್ಟ್ ಮಾಡಲು, ಅಂದರೆ ಹಣ ಕೊಟ್ಟು ಹೆಚ್ಚು ಜನರಿಗೆ ತೋರಿಸಲು, ನಿಮ್ಮ ಒಪ್ಪಿಗೆ ಬೇಕು. ಪ್ಯಾಕೆಟ್ ಮೇಲೆ ಅಥವಾ ಬೇರೆ ಕಡೆ ನಿಮ್ಮ ಮುಖ ಬಳಸುವುದಿಲ್ಲ. ಒಪ್ಪಿಗೆ ಇದ್ದರೆ ಈ ಪತ್ರಕ್ಕೆ ಉತ್ತರವಾಗಿ 'ಒಪ್ಪಿದ್ದೇನೆ' ಎಂದು ಬರೆಯಿರಿ."

ಸಿನಿಮಾ ಹಾಡಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಹೊಸಬರು ಎಡವುವ ಜಾಗ ಅದು. ಇನ್‌ಸ್ಟಾಗ್ರಾಮ್‌ನಲ್ಲಿ ಹಾಡು ಸಿಗುತ್ತದೆ ಎಂದ ಮಾತ್ರಕ್ಕೆ ವ್ಯಾಪಾರದ ಪೋಸ್ಟ್‌ಗೆ ಬಳಸುವ ಹಕ್ಕು ಸಿಕ್ಕಿತು ಎಂದಲ್ಲ. ಹಕ್ಕುಸ್ವಾಮ್ಯ ಇರುವ ಹಾಡಿದ್ದರೆ ನೀವು ಬೂಸ್ಟ್ ಮಾಡಲು ಹೋದಾಗ ಅದು ಒಪ್ಪುವುದಿಲ್ಲ. ಆಗ ಮರುಚಿತ್ರೀಕರಣದ ಖರ್ಚು ಯಾರದೆಂಬ ಜಗಳ ಶುರುವಾಗುತ್ತದೆ. ಅಡುಗೆಮನೆಯ ಸದ್ದು, ಅವರ ದನಿ ಸಾಕು.

ಧಾರವಾಡದ ಅಡುಗೆ ವಿಡಿಯೊ ತಯಾರಕಿ

ನಾನು ಇಂಥ ಪತ್ರಗಳನ್ನು ಪಡೆಯುವ ಕಡೆಯವಳು. ಮೇಲಿನ ಪತ್ರ ಬಂದರೆ ಸಂತೋಷದಿಂದ ಒಪ್ಪುತ್ತೇನೆ. "ಹಿಡಿಸದಿದ್ದರೆ ಕೈಬಿಡೋಣ" ಎಂಬ ಸಾಲನ್ನು ಇಲ್ಲಿಯವರೆಗೆ ಯಾವ ಕಂಪನಿಯೂ ನನಗೆ ಬರೆದಿಲ್ಲ.

ಎರಡು ತಕರಾರುಗಳಿವೆ. ಆರು ತಿಂಗಳು ಅಳಿಸಬಾರದು ಎನ್ನುವುದು ಸರಿ, ಆದರೆ ಮೂರು ತಿಂಗಳ ಬೂಸ್ಟ್ ಹಕ್ಕನ್ನು ಇದೇ ಸಂಭಾವನೆಯಲ್ಲಿ ಸೇರಿಸಿದ್ದು ನನಗೆ ಸರಿ ಕಾಣುವುದಿಲ್ಲ. ನನ್ನ ಮುಖ ತೋರಿಸಿ ನೀವು ಹಣ ಹಾಕಿ ಜಾಹೀರಾತು ಓಡಿಸುವಷ್ಟು ದಿನ, ಬೇರೆ ಹಿಟ್ಟಿನ ಕಂಪನಿ ನನ್ನನ್ನು ಕರೆಯುವುದಿಲ್ಲ. ಅದಕ್ಕೆ ಬೇರೆ ದರ ಇರಬೇಕು.

ಎರಡನೆಯದು, ಕೊನೆಯವರೆಗೂ "ಜಾಹೀರಾತು" ಎಂಬ ಬರಹ. ಆರಂಭದಲ್ಲೇ ಆ ಪದ ಕಂಡರೆ ಜನ ಮುಂದಕ್ಕೆ ಹೋಗುತ್ತಾರೆ ಎನ್ನುವುದು ನನ್ನ ಅನುಭವ. ನಿಯಮ ಮೂರನೇ ಒಂದು ಭಾಗ ಎನ್ನುವಾಗ ಪೂರ್ತಿ ಏಕೆ?

ಬೆಂಗಳೂರಿನ ಏಜೆನ್ಸಿಯವರು

ಬೂಸ್ಟ್ ಹಕ್ಕಿನ ಬಗ್ಗೆ ನೀವು ಹೇಳಿದ್ದು ನ್ಯಾಯವೇ. ಸಣ್ಣ ತಯಾರಕರ ಜೇಬು ನೋಡಿ ನಾನು ಒಟ್ಟಿಗೆ ಸೇರಿಸಿದೆ. ಅವರು ಬೇರೆ ದರ ಕೇಳಿದರೆ ಮೂರು ತಿಂಗಳನ್ನು ಒಂದು ತಿಂಗಳಿಗೆ ಇಳಿಸಿ ಮಾತನಾಡಬಹುದು.

ಗುರುತಿನ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಮೂರನೇ ಒಂದು ಭಾಗ ಎನ್ನುವುದು ಕನಿಷ್ಠ ಅಳತೆ. ನಡುವಿನಿಂದ ನೋಡಲು ಶುರುಮಾಡಿದವರಿಗೂ ತಿಳಿಯಲಿ. ಗುರುತು ಕಂಡು ಮುಂದಕ್ಕೆ ಹೋಗುವ ವೀಕ್ಷಕರು, ಗುರುತಿಲ್ಲದೆ ನೋಡಿ ಆಮೇಲೆ "ದುಡ್ಡಿಗೆ ಹೇಳಿದ್ದಾರೆ" ಎಂದು ತಿಳಿದರೆ ನಿಮ್ಮ ಮುಂದಿನ ಯಾವ ಅಡುಗೆಯನ್ನೂ ನಂಬುವುದಿಲ್ಲ.

ಧಾರವಾಡದ ಅಡುಗೆ ವಿಡಿಯೊ ತಯಾರಕಿ

ನಂಬಿಕೆಯ ಮಾತು ಒಪ್ಪುತ್ತೇನೆ. ಆದರೆ ನೋಡಿದವರ ಸಂಖ್ಯೆ ಕಡಿಮೆಯಾದಾಗ ಉಳಿದರ್ಧ ಹಣ ಕೊಡಲು ಹಿಂದೇಟು ಹಾಕುವವರೂ ಇದೇ ಕಂಪನಿಗಳೇ. ಹಾಗಾದರೆ "ನೋಡುಗರ ಸಂಖ್ಯೆಗೂ ಸಂಭಾವನೆಗೂ ಸಂಬಂಧವಿಲ್ಲ" ಎಂಬ ಒಂದು ಸಾಲನ್ನೂ ಪತ್ರದಲ್ಲಿ ಸೇರಿಸಿ.

ಮೈಸೂರಿನ ಸೀರೆ ವ್ಯಾಪಾರಿ

ಅದು ಹೇಗಾಗುತ್ತದೆ? ಯಾರೂ ನೋಡದ ವಿಡಿಯೊಗೆ ಪೂರ್ತಿ ಹಣ ಏಕೆ ಕೊಡಬೇಕು? ಮಾತನ್ನೂ ಬರೆದುಕೊಡಬಾರದು, ನೋಡುಗರ ಲೆಕ್ಕವನ್ನೂ ಕೇಳಬಾರದು ಎಂದರೆ ವ್ಯಾಪಾರಿಗೆ ಏನು ಖಾತರಿ?

ಧಾರವಾಡದ ಅಡುಗೆ ವಿಡಿಯೊ ತಯಾರಕಿ

ಅಣ್ಣಾ, ಲೆಕ್ಕ ಕೇಳಿ, ಏಳನೇ ದಿನ ಕೊಡುತ್ತೇನೆ. ಆದರೆ ಇನ್‌ಸ್ಟಾಗ್ರಾಮ್ ಯಾರಿಗೆ ತೋರಿಸುತ್ತದೆ ಎನ್ನುವುದು ನನ್ನ ಕೈಯಲ್ಲಿಲ್ಲ. ಒಪ್ಪಿದ ಕೆಲಸ ಒಪ್ಪಿದ ದಿನಕ್ಕೆ ಆಗಿದೆಯೇ ಎಂದಷ್ಟೇ ನಾನು ಖಾತರಿ ಕೊಡಬಲ್ಲೆ.

ಚನ್ನರಾಯಪಟ್ಟಣದ ಮಾಲ್ಟ್ ತಯಾರಕಿ

ನಾನು ಆ ಸಾಲನ್ನು ಸೇರಿಸುತ್ತೇನೆ, ಬೂಸ್ಟ್ ಅನ್ನು ಒಂದು ತಿಂಗಳಿಗೆ ಇಳಿಸುತ್ತೇನೆ. ಮೇಡಂಗೆ ಆರು ವರ್ಷದ ದೊಡ್ಡ ಮಗಳೂ ಇದ್ದಾಳೆ. ಪಾಪುವಿನ ಬದಲು ಅವಳು ಕುಡಿಯುವುದನ್ನು ತೋರಿಸಬಹುದೇ? ಇನ್ನೊಂದು ಸಂದೇಹ: ಅವರಿಗೆ ಸಿಹಿ ಜಾಸ್ತಿ ಅನಿಸಿ ಅದನ್ನು ವಿಡಿಯೊದಲ್ಲೇ ಹೇಳಿದರೆ, ತೆಗೆಯಿರಿ ಎಂದು ಕೇಳಬಹುದೇ?

ಆಹಾರ ತಂತ್ರಜ್ಞೆ, ಮಂಡ್ಯ

ಆರು ವರ್ಷದವಳು ಕುಡಿಯುವುದನ್ನು ತೋರಿಸಲು ಶಿಶು ಆಹಾರದ ಕಾನೂನು ಅಡ್ಡ ಬರುವುದಿಲ್ಲ. ಎತ್ತರ, ಬುದ್ಧಿ, ಶಕ್ತಿ ಎಂಬ ಮಾತು ಸೇರಿಸಬೇಡಿ. ಅದೇ ಚಿತ್ರದಲ್ಲಿ ಪಾಪು ಪಕ್ಕದಲ್ಲಿ ಕುಳಿತು ಚಮಚಕ್ಕೆ ಕೈಚಾಚುವ ದೃಶ್ಯ ಬಂದುಬಿಡದಂತೆ ಕರಡು ವಿಡಿಯೊದಲ್ಲಿ ಗಮನವಿಟ್ಟು ನೋಡಿ.

ಬೆಂಗಳೂರಿನ ಏಜೆನ್ಸಿಯವರು

ಸಿಹಿಯ ಮಾತನ್ನು ತೆಗೆಯಲು ಕೇಳಬೇಡಿ. "ರುಚಿಯ ಬಗ್ಗೆ ಅನಿಸಿದ್ದನ್ನು ಹೇಳಿ" ಎಂದು ನೀವೇ ಬರೆದಿರುತ್ತೀರಿ. ಬೇಕಿದ್ದರೆ "ಸಿಹಿ ಕಡಿಮೆ ಬೇಕಾದವರು ನೀರು ಸ್ವಲ್ಪ ಹೆಚ್ಚಿಗೆ ಹಾಕಿ, ಅಥವಾ ಸಾದಾ ರಾಗಿ ಹಿಟ್ಟನ್ನು ಅರ್ಧ ಬೆರೆಸಿಕೊಳ್ಳಿ" ಎಂಬ ಮಾಹಿತಿಯನ್ನು ಅವರಿಗೆ ಕೊಡಿ. ಅವರು ಬಳಸಿದರೆ ಬಳಸಲಿ.

ಧಾರವಾಡದ ಅಡುಗೆ ವಿಡಿಯೊ ತಯಾರಕಿ

ಬೆಲ್ಲ ಹಾಕದ ಪ್ಯಾಕೆಟ್ ಮಾಡುತ್ತೀರಾ? ಆರರಲ್ಲಿ ಎರಡು ಅಂಥವನ್ನು ಕಳಿಸಿದರೆ ಖಾರದ ಅಂಬಲಿಯನ್ನೂ ಮಾಡಿ ತೋರಿಸಬಹುದು, ಮಜ್ಜಿಗೆ, ಈರುಳ್ಳಿ, ಜೀರಿಗೆ ಹಾಕಿ. ನಮ್ಮ ಕಡೆ ಬೇಸಿಗೆಯಲ್ಲಿ ಅದಕ್ಕೇ ಬೇಡಿಕೆ ಹೆಚ್ಚು.